ಭಾನುವಾರ ತಡವಾಗಿ ಎದ್ದರೆ ಮಂಗಳವಾರದವರೆಗೂ ಸುಸ್ತು ಯಾಕೆ? ಸೋಷಿಯಲ್ ಜೆಟ್‌ಲ್ಯಾಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸೋಷಿಯಲ್ ಜೆಟ್‌ಲ್ಯಾಗ್ ಅಂದರೆ ಏನು? ವಿಮಾನ ಹತ್ತದೇ ಜೆಟ್‌ಲ್ಯಾಗ್ ಹೇಗೆ ಆಗುತ್ತದೆ?

ವಾರದ ದಿನಗಳಲ್ಲಿ ಕೆಲಸಕ್ಕೋ ಕಾಲೇಜಿಗೋ ಅಂತ ಅಲಾರಾಂ ಇಟ್ಟು ಏಳುತ್ತೀರಿ. ರಜೆ ಬಂತು ಅಂದರೆ ಅಲಾರಾಂ ಇಲ್ಲ, ಮಲಗುವುದೂ ತಡ, ಏಳುವುದೂ ತಡ. ಈ ಎರಡು ವೇಳಾಪಟ್ಟಿಗಳ ನಡುವಿನ ಅಂತರಕ್ಕೆ ಸೋಷಿಯಲ್ ಜೆಟ್‌ಲ್ಯಾಗ್ ಅಂತ ಹೆಸರು. ಜರ್ಮನಿಯ ಮ್ಯೂನಿಕ್‌ನಲ್ಲಿ ದೇಹದ ಗಡಿಯಾರದ ಬಗ್ಗೆ ಅಧ್ಯಯನ ಮಾಡುತ್ತಿದ್ದ ಟಿಲ್ ರೋನೆಬರ್ಗ್ ಮತ್ತು ಅವರ ಜೊತೆಗಾರರು 2006ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಮುಂದೆ 2012ರಲ್ಲಿ ಅವರದೇ ತಂಡ 65 ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ನೋಡಿತು. ಹೆಚ್ಚಿನವರು ಯುರೋಪಿನವರು. ಸುಮಾರು ಮೂರನೇ ಒಂದು ಭಾಗದಷ್ಟು ಜನರಲ್ಲಿ ಈ ಅಂತರ ಎರಡು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಇತ್ತು.

ನಿಜವಾದ ಜೆಟ್‌ಲ್ಯಾಗ್‌ಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಬೇರೆ ದೇಶಕ್ಕೆ ಹೋದರೆ ಅಲ್ಲಿನ ಸೂರ್ಯ ನಿಮ್ಮ ದೇಹದ ಗಡಿಯಾರವನ್ನು ನಿಧಾನಕ್ಕೆ ಹೊಸ ಸಮಯಕ್ಕೆ ಎಳೆದುಕೊಳ್ಳುತ್ತಾನೆ, ನಾಲ್ಕೈದು ದಿನಕ್ಕೆ ಸರಿಹೋಗುತ್ತದೆ. ಇಲ್ಲಿ ಸೂರ್ಯ ಅಲ್ಲೇ ಇರುತ್ತಾನೆ, ನೀವು ಮಾತ್ರ ವಾರಕ್ಕೊಮ್ಮೆ ಹೋಗಿ ಬರುತ್ತೀರಿ. ಹಾಗಾಗಿ ಇದು ತಾನಾಗಿ ಸರಿಹೋಗುವುದಿಲ್ಲ. ವರ್ಷಾನುಗಟ್ಟಲೆ ಹೀಗೇ ನಡೆಯಬಹುದು.

ನನ್ನದು ಎಷ್ಟು ಅಂತ ಲೆಕ್ಕ ಹಾಕುವುದು ಹೇಗೆ?

ನಿದ್ದೆಯ ನಡುಬಿಂದು ಹುಡುಕಬೇಕು. ನಿದ್ದೆ ಬಂದ ಸಮಯಕ್ಕೂ ಎದ್ದ ಸಮಯಕ್ಕೂ ಸರಿಯಾಗಿ ಮಧ್ಯದ ಹೊತ್ತು ಅದು. ವಾರದ ದಿನದ ನಡುಬಿಂದು ಒಂದು, ರಜಾದಿನದ್ದು ಇನ್ನೊಂದು. ಎರಡರ ವ್ಯತ್ಯಾಸವೇ ನಿಮ್ಮ ಸೋಷಿಯಲ್ ಜೆಟ್‌ಲ್ಯಾಗ್.

ನನ್ನ ತಮ್ಮನ ಲೆಕ್ಕವನ್ನೇ ಹೇಳುತ್ತೇನೆ, ಈ ಪುಟದ ಉದ್ದಕ್ಕೂ ಅವನೇ ಉದಾಹರಣೆ. ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಏಳು ಗಂಟೆಗೆ ಕಂಪನಿ ಕ್ಯಾಬ್ ಬರುತ್ತದೆ. ವಾರದಲ್ಲಿ ರಾತ್ರಿ 11:30ಕ್ಕೆ ನಿದ್ದೆ, ಬೆಳಿಗ್ಗೆ 6ಕ್ಕೆ ಅಲಾರಾಂ. ಒಟ್ಟು ಆರೂವರೆ ಗಂಟೆ, ನಡುಬಿಂದು 2:45. ಶನಿವಾರ, ಭಾನುವಾರ ಬೆಳಗಿನ ಜಾವ 2:30ಕ್ಕೆ ಮಲಗಿ 10:30ಕ್ಕೆ ಏಳುತ್ತಿದ್ದ. ಎಂಟು ಗಂಟೆ ನಿದ್ದೆ, ನಡುಬಿಂದು 6:30. ವ್ಯತ್ಯಾಸ ಮೂರು ಮುಕ್ಕಾಲು ಗಂಟೆ.

ಬೇಸಿಗೆಯಲ್ಲಿ ಭಾರತಕ್ಕೂ ಜರ್ಮನಿಗೂ ಇರುವ ಸಮಯದ ಅಂತರ ಮೂರೂವರೆ ಗಂಟೆ. ಅಂದರೆ ಅವನು ಪ್ರತಿ ಶುಕ್ರವಾರ ರಾತ್ರಿ ಜರ್ಮನಿಗೆ ಹೊರಟು ಭಾನುವಾರ ರಾತ್ರಿ ವಾಪಸ್ ಬಂದವರ ಹಾಗೆ ಬದುಕುತ್ತಿದ್ದ. ಸೋಮವಾರ ಬೆಳಿಗ್ಗೆ ಕ್ಯಾಬ್‌ನಲ್ಲಿ ತಲೆ ಕಿಟಕಿಗೆ ಒರಗಿಸಿ ನಿದ್ದೆ, ಹನ್ನೊಂದಕ್ಕೆ ಮೂರನೇ ಕಾಫಿ. ಅವನಿಗೆ ಬಿಪಿ ಇರಲಿಲ್ಲ, ಶುಗರ್ ಇರಲಿಲ್ಲ, ರಕ್ತ ಪರೀಕ್ಷೆ ಎಲ್ಲ ಸರಿ ಇತ್ತು.

ನಿಮ್ಮ ಲೆಕ್ಕಕ್ಕೆ ಎರಡು ವಾರದ ಸಮಯ ಬರೆದಿಡಿ. ಹಾಸಿಗೆಗೆ ಹೋದ ಹೊತ್ತು ಬೇಡ, ನಿದ್ದೆ ಹತ್ತಿದ ಹೊತ್ತು ಬೇಕು. ಎಷ್ಟೋ ಜನ ಹನ್ನೊಂದಕ್ಕೆ ಮಲಗಿದೆ ಅಂತಾರೆ, ಆದರೆ ಫೋನ್ ಕೆಳಗಿಟ್ಟಿದ್ದು ಹನ್ನೆರಡೂವರೆಗೆ. ಅಂತರ ಒಂದು ಗಂಟೆಯ ಒಳಗಿದ್ದರೆ ತಲೆ ಕೆಡಿಸಿಕೊಳ್ಳುವಂಥದ್ದೇನಿಲ್ಲ. ಎರಡು ಗಂಟೆ ದಾಟಿದ್ದರೆ ಮುಂದೆ ಓದಿ.

ಭಾನುವಾರ ರಾತ್ರಿ ಬೇಗ ಮಲಗಿದರೂ ನಿದ್ದೆ ಬರುವುದಿಲ್ಲ. ಸೋಮವಾರದ ಕೆಲಸದ ಟೆನ್ಷನ್ ಇರಬಹುದಾ?

ಸ್ವಲ್ಪ ಇರಬಹುದು. ಆದರೆ ಟೆನ್ಷನ್ ಏನೂ ಇಲ್ಲದಿದ್ದರೂ ನಿದ್ದೆ ಬರದಿರುವುದಕ್ಕೆ ದೇಹದಲ್ಲೇ ಎರಡು ಕಾರಣ ಇವೆ, ಇವು ಎರಡೂ ಒಂದೇ ರಾತ್ರಿ ಸೇರಿಕೊಳ್ಳುತ್ತವೆ.

ಮೊದಲನೆಯದು ನಿದ್ದೆಯ ಒತ್ತಡ. ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಕೂಡಿಕೊಳ್ಳುತ್ತಾ ಹೋಗುತ್ತದೆ. ಅದು ಜಾಸ್ತಿ ಆದಷ್ಟೂ ಕಣ್ಣು ಎಳೆಯುತ್ತದೆ. ವಾರದ ದಿನ ತಮ್ಮ ಆರಕ್ಕೆ ಎದ್ದು ಹನ್ನೊಂದೂವರೆಗೆ ಮಲಗುವಾಗ ಹದಿನೇಳೂವರೆ ಗಂಟೆ ಎಚ್ಚರ ಇದ್ದಿರುತ್ತಾನೆ. ಭಾನುವಾರ ಹತ್ತೂವರೆಗೆ ಎದ್ದರೆ, ಅದೇ ಹನ್ನೊಂದೂವರೆಗೆ ಬರೀ ಹದಿಮೂರು ಗಂಟೆ. ಇದರ ಮಧ್ಯೆ ಭಾನುವಾರದ ಊಟ ಹೊಟ್ಟೆ ತುಂಬ ಮಾಡಿ ಎರಡರಿಂದ ನಾಲ್ಕರವರೆಗೆ ಮಲಗಿದ್ದರೆ, ಕೂಡಿದ್ದ ಒತ್ತಡದಲ್ಲಿ ಒಂದು ಪಾಲು ಆಗಲೇ ಖಾಲಿ. ಹಸಿವಿಲ್ಲದೆ ತಟ್ಟೆ ಮುಂದೆ ಕೂತ ಹಾಗೆ ಅದು.

ಎರಡನೆಯದು ಗಡಿಯಾರ. ಕಣ್ಣಿನ ಹಿಂದೆ, ಮಿದುಳಿನ ತಳಭಾಗದಲ್ಲಿ ಸುಮಾರು 20 ಸಾವಿರ ನರಕೋಶಗಳ ಪುಟ್ಟ ಗುಂಪೊಂದಿದೆ. ಇಡೀ ದೇಹಕ್ಕೆ ಹೊತ್ತು ಹೇಳುವುದು ಅದೇ. ನೀವು ಸಾಮಾನ್ಯವಾಗಿ ಮಲಗುವ ಸಮಯಕ್ಕೆ ಸುಮಾರು ಎರಡು ಗಂಟೆ ಮುಂಚೆ ಅದು ಮೆಲಟೋನಿನ್ ಅನ್ನುವ ಹಾರ್ಮೋನ್ ಬಿಡಿಸಲು ಶುರು ಮಾಡುತ್ತದೆ, ದೇಹ ರಾತ್ರಿಗೆ ಸಜ್ಜಾಗುತ್ತದೆ. ಇನ್ನೊಂದು ವಿಚಿತ್ರ ಏನೆಂದರೆ, ಮೆಲಟೋನಿನ್ ಏರುವ ಮುಂಚಿನ ಒಂದೆರಡು ಗಂಟೆಗಳಲ್ಲಿ ನಾವು ತುಂಬಾ ಚುರುಕಾಗಿರುತ್ತೇವೆ. ಆ ಹೊತ್ತಿನಲ್ಲಿ ನಿದ್ದೆ ಮಾಡುವುದು ಬಹಳ ಕಷ್ಟ. ಎರಡು ರಾತ್ರಿ ತಡವಾಗಿ ಮಲಗಿ, ಎರಡು ಬೆಳಿಗ್ಗೆ ತಡವಾಗಿ ಎದ್ದರೆ ಗಡಿಯಾರ ಹಿಂದಕ್ಕೆ ಜಾರುತ್ತದೆ, ಆ ಚುರುಕಿನ ಹೊತ್ತೂ ತಡವಾಗುತ್ತದೆ. ಭಾನುವಾರ ನೀವು ಶಿಸ್ತಿನಿಂದ ಹತ್ತು ಗಂಟೆಗೇ ದೀಪ ಆರಿಸಿದರೆ ಸರಿಯಾಗಿ ಅದರೊಳಗೇ ಹೋಗಿ ಬೀಳುತ್ತೀರಿ.

ಆಗ ಏನಾಗುತ್ತದೆ ಅಂದರೆ, ಒಂದೂವರೆ ಗಂಟೆ ಹೊರಳಾಡಿ, ಬೇಸರವಾಗಿ ಫೋನ್ ಎತ್ತಿಕೊಂಡು, ಆ ಬೆಳಕು ಗಡಿಯಾರವನ್ನು ಇನ್ನೂ ಸ್ವಲ್ಪ ತಳ್ಳಿ, ಕೊನೆಗೆ ಒಂದು ಗಂಟೆಗೆ ನಿದ್ದೆ ಹತ್ತಿ, ಆರಕ್ಕೆ ಅಲಾರಾಂ ಹೊಡೆಯುತ್ತದೆ. ವಾರದ ಮೊದಲ ದಿನವೇ ಐದು ಗಂಟೆ ನಿದ್ದೆ.

ಎರಡೇ ದಿನದಲ್ಲಿ ಗಡಿಯಾರ ಅಷ್ಟು ಜಾರುತ್ತದಾ?

ಮೂರು ಮುಕ್ಕಾಲು ಗಂಟೆ ಪೂರ್ತಿ ಜಾರುವುದಿಲ್ಲ. ಇಲ್ಲಿ ತುಂಬಾ ಜನ ತಪ್ಪು ತಿಳಿಯುತ್ತಾರೆ. ನಡುಬಿಂದುವಿನ ವ್ಯತ್ಯಾಸ ನಿಮ್ಮ ಎರಡು ವೇಳಾಪಟ್ಟಿಗಳ ಅಂತರವನ್ನು ಹೇಳುತ್ತದೆಯೇ ಹೊರತು ಗಡಿಯಾರ ಎಷ್ಟು ಜರುಗಿತು ಅಂತ ಹೇಳುವುದಿಲ್ಲ. ವೀಕೆಂಡ್‌ನಲ್ಲಿ ತಡವಾಗಿ ಏಳುವವರ ಮೆಲಟೋನಿನ್ ಅಳೆದು ನೋಡಿದ ಪ್ರಯೋಗಗಳಲ್ಲಿ ಸಿಕ್ಕಿದ್ದು ಸುಮಾರು ಅರ್ಧದಿಂದ ಮುಕ್ಕಾಲು ಗಂಟೆಯ ಜಾರುವಿಕೆ. ಕೇಳೋಕೆ ಸಣ್ಣದು. ಆದರೆ ಮೊದಲೇ ಆರೂವರೆ ಗಂಟೆ ನಿದ್ದೆಯಲ್ಲಿ ದಿನ ದೂಡುವವನಿಗೆ ಆ ಮುಕ್ಕಾಲು ಗಂಟೆ ಎಲ್ಲಿಂದ ಬರಬೇಕು? ಏಳುವ ಸಮಯ ಕ್ಯಾಬ್ ಹೇಳಿದ್ದು, ಅದು ಬದಲಾಗುವುದಿಲ್ಲ.

ಹಿಂದಕ್ಕೆ ಜಾರುವುದು ಸುಲಭ, ಮುಂದಕ್ಕೆ ತರುವುದು ಕಷ್ಟ ಅನ್ನುವುದು ಇನ್ನೊಂದು ತೊಂದರೆ. ಹೊರಗಿನ ಬೆಳಕಿನ ಸುಳಿವು ಕೊಡದೆ ಬಿಟ್ಟರೆ ಮನುಷ್ಯನ ಗಡಿಯಾರದ ಒಂದು ದಿನ ಸರಾಸರಿ 24 ಗಂಟೆಗಿಂತ ಸ್ವಲ್ಪ ಜಾಸ್ತಿ, ಹತ್ತಿರ ಹತ್ತಿರ ಹನ್ನೆರಡು ನಿಮಿಷ ಹೆಚ್ಚು. ಅಂದರೆ ತಡ ಮಾಡುವುದೇ ಅದರ ಸ್ವಭಾವ. ಪ್ರತಿದಿನ ಬೆಳಗಿನ ಬೆಳಕು ಅದನ್ನು ಎಳೆದು ಸರಿ ಮಾಡುತ್ತಿರುತ್ತದೆ. ಹತ್ತೂವರೆವರೆಗೆ ಪರದೆ ಎಳೆದುಕೊಂಡು ಮಲಗಿದರೆ ಆ ಎಳೆತವೇ ಸಿಗುವುದಿಲ್ಲ.

ಸೋಮವಾರ ಸರಿ, ಮಂಗಳವಾರ, ಬುಧವಾರವೂ ಯಾಕೆ ಸುಸ್ತು?

ಎರಡು ಬೇರೆ ಬೇರೆ ಸುಸ್ತುಗಳು ಒಂದರ ಮೇಲೊಂದು ಕೂತಿರುತ್ತವೆ, ಅದಕ್ಕೆ.

ಸೋಮವಾರದ್ದು ಮುಖ್ಯವಾಗಿ ಗಡಿಯಾರದ್ದು. ನಮ್ಮ ದೇಹದ ಉಷ್ಣತೆ ದಿನದಲ್ಲಿ ಒಮ್ಮೆ ಅತ್ಯಂತ ಕೆಳಗೆ ಇಳಿಯುತ್ತದೆ. ಸಾಮಾನ್ಯವಾಗಿ ತಾನಾಗಿ ಎಚ್ಚರವಾಗುವ ಹೊತ್ತಿಗೆ ಎರಡು ಮೂರು ಗಂಟೆ ಮುಂಚೆ. ದೇಹದ ನಡುರಾತ್ರಿ ಅಂದರೆ ಅದು. ಗಡಿಯಾರ ಹಿಂದಕ್ಕೆ ಜಾರಿದ್ದಾಗ ಆರು ಗಂಟೆಯ ಅಲಾರಾಂ ಈ ಹೊತ್ತಿಗೆ ತೀರಾ ಹತ್ತಿರ ಬಂದು ಹೊಡೆಯುತ್ತದೆ. ಆಗ ಎದ್ದರೆ ಆ ಮಂಪರು ಹತ್ತು ನಿಮಿಷದಲ್ಲಿ ಹೋಗುವ ಮಂಪರಲ್ಲ, ಒಂದು ಗಂಟೆಯಾದರೂ ತಲೆ ಭಾರ, ಕೇಳಿದ್ದಕ್ಕೆ ಉತ್ತರ ತಡ, ತಿಂಡಿ ಸೇರುವುದಿಲ್ಲ. ನಮ್ಮ ಊರಲ್ಲಿ ಬೆಳಗಿನ ಎಂಟು ಗಂಟೆಗೆ ಕೂಡ ಬೈಕ್ ಓಡಿಸಿಕೊಂಡು ಹೋಗುವವರು ಎಷ್ಟು ಜನ ಹೀಗೆ ಅರ್ಧ ನಿದ್ದೆಯಲ್ಲಿರುತ್ತಾರೆ ಅಂತ ಯೋಚಿಸಿದರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಮಂಗಳವಾರದಿಂದ ಗಡಿಯಾರ ನಿಧಾನಕ್ಕೆ ಮುಂದೆ ಬರುತ್ತದೆ. ಆದರೆ ಅಷ್ಟರಲ್ಲಿ ನಿದ್ದೆಯ ಸಾಲ ಶುರುವಾಗಿದೆ. ಭಾನುವಾರ ರಾತ್ರಿ ಐದು ಗಂಟೆ, ಸೋಮವಾರ ಆರು, ಮಂಗಳವಾರ ಆರೂವರೆ. ಗಡಿಯಾರ ಸರಿಹೋಗುವ ಹೊತ್ತಿಗೆ ಸಾಲ ಬೆಳೆದಿರುತ್ತದೆ, ಗುರುವಾರ ಸ್ವಲ್ಪ ಹಗುರ ಅನ್ನಿಸುವಷ್ಟರಲ್ಲಿ ಮತ್ತೆ ಶುಕ್ರವಾರ.

ವಾರಪೂರ್ತಿ ನಿದ್ದೆ ಕಮ್ಮಿ. ರಜೆಯಲ್ಲಾದರೂ ತೀರಿಸಿಕೊಳ್ಳಬಾರದಾ?

ತೀರಿಸಿಕೊಳ್ಳಲೇಬೇಕು. "ವೀಕೆಂಡ್‌ನಲ್ಲಿ ಜಾಸ್ತಿ ಮಲಗಬೇಡಿ" ಅಂತ ಸುಮ್ನೆ ಹೇಳಿಬಿಡುವುದು ಅನ್ಯಾಯ. ಐದು ದಿನ ಕಮ್ಮಿ ಮಲಗಿದವರಿಗೆ ಆ ನಿದ್ದೆ ಬೇಕು, ದೇಹ ಅದನ್ನು ಕೇಳಿ ಪಡೆಯುತ್ತದೆ. ಆದರೆ ಆ ನಿದ್ದೆಯನ್ನು ಯಾವ ತುದಿಯಲ್ಲಿ ಸೇರಿಸುತ್ತೀರಿ ಅನ್ನುವುದರಲ್ಲಿದೆ ವಿಷಯ.

ಬೆಳಗಿನ ತುದಿಯಲ್ಲಿ ಸೇರಿಸಿದರೆ ಗಡಿಯಾರ ಜಾರುತ್ತದೆ. ರಾತ್ರಿಯ ತುದಿಯಲ್ಲಿ ಸೇರಿಸಿದರೆ ಜಾರುವುದಿಲ್ಲ. ಶುಕ್ರವಾರ ಸಂಜೆ ಮನೆಗೆ ಬಂದಾಗ ಸಾಲ ಅತಿ ಹೆಚ್ಚು ಇರುತ್ತದೆ, ಹತ್ತು ಹತ್ತೂವರೆಗೇ ನಿದ್ದೆ ಎಳೆಯುತ್ತಿರುತ್ತದೆ. ಸಾಲ ತೀರಿಸಲು ವಾರದಲ್ಲಿ ಅದಕ್ಕಿಂತ ಒಳ್ಳೆಯ ರಾತ್ರಿ ಇನ್ನೊಂದಿಲ್ಲ. ನಾವು ಅದೇ ರಾತ್ರಿ ಕೂತು ವೆಬ್ ಸೀರೀಸ್ ಮುಗಿಸುತ್ತೇವೆ. ಶುಕ್ರವಾರ ಹತ್ತೂವರೆಗೆ ಮಲಗಿ ಶನಿವಾರ ಏಳಕ್ಕೆ ಎದ್ದರೆ ಎಂಟೂವರೆ ಗಂಟೆ ನಿದ್ದೆ ಆಯಿತು, ಏಳುವ ಸಮಯ ಬರೀ ಒಂದು ಗಂಟೆ ತಡ. ಶನಿವಾರ ನಿಮ್ಮಿಷ್ಟದಂತೆ ಸ್ವಲ್ಪ ತಡ ಮಾಡಿ.

ನಾನು ಎಲ್ಲರಿಗೂ ಹೇಳುವ ಮಿತಿ ಇಷ್ಟೇ: ರಜಾದಿನ ಏಳುವ ಸಮಯ ವಾರದ ದಿನಕ್ಕಿಂತ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ ತಡ. ಅದಕ್ಕಿಂತ ಜಾಸ್ತಿ ನಿದ್ದೆ ಬೇಕು ಅನ್ನಿಸಿದರೆ ಮಧ್ಯಾಹ್ನ ಮಲಗಿ. ಮತ್ತೆ, ಪ್ರತಿ ಶನಿವಾರ ಎರಡು ಗಂಟೆಗೂ ಹೆಚ್ಚು ಸಾಲ ಉಳಿಯುತ್ತಿದ್ದರೆ ವಾರದ ರಾತ್ರಿಗಳಲ್ಲೇ ಅರ್ಧ ಗಂಟೆ ಮುಂಚೆ ಮಲಗದೆ ಬೇರೆ ದಾರಿ ಇಲ್ಲ.

ಮದುವೆ ಇರುತ್ತದೆ, ರಾತ್ರಿಯಿಡೀ ಯಕ್ಷಗಾನ ಇರುತ್ತದೆ, ಊರಿಗೆ ರಾತ್ರಿ ಬಸ್ ಇರುತ್ತದೆ. ಆಗ ಏನು ಮಾಡುವುದು?

ಹೋಗಿ, ಆಟ ನೋಡಿ. ಯಾವಾಗಲೋ ಒಮ್ಮೆ ಆಗುವುದರಿಂದ ದೊಡ್ಡ ತೊಂದರೆ ಇಲ್ಲ, ಪ್ರತಿ ವಾರ ಮರುಕಳಿಸುವುದೇ ಶಕ್ತಿ ಹೀರುವುದು.

ಶನಿವಾರ ರಾತ್ರಿ ಮೂರಕ್ಕೆ ಮನೆಗೆ ಬಂದಿರಿ ಅಂತಿಟ್ಟುಕೊಳ್ಳಿ. ಭಾನುವಾರ ಎಂಟಕ್ಕೆ ಎದ್ದು ಬಿಸಿಲಿಗೆ ಬನ್ನಿ. ಕಷ್ಟವಾಗುತ್ತದೆ, ನಿಜ. ಮಧ್ಯಾಹ್ನ ಒಂದರಿಂದ ಮೂರರೊಳಗೆ ಒಂದೂವರೆ ಗಂಟೆ ಮಲಗಿ, ಮೂರರ ನಂತರ ಬೇಡ. ರಾತ್ರಿ ಹತ್ತೂವರೆಗೆ ನಿದ್ದೆ ತಾನಾಗಿ ಬರುತ್ತದೆ. ಸಾಮಾನ್ಯ ಭಾನುವಾರಗಳಲ್ಲಿ ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ನಿಲ್ಲಿಸುವುದು ಒಳ್ಳೆಯದು, ಇಲ್ಲದಿದ್ದರೆ ರಾತ್ರಿಯ ಒತ್ತಡ ಸಾಲುವುದಿಲ್ಲ. ರಾತ್ರಿ ಬಸ್ಸಿನಲ್ಲಿ ಬಂದು ಇಳಿದವರು ಬೆಳಿಗ್ಗೆ ಮನೆಯಲ್ಲಿ ಮಲಗಲೇಬೇಕಾದರೆ ಒಂದೂವರೆ ಗಂಟೆಗೆ ಅಲಾರಾಂ ಇಟ್ಟು ಮಲಗಲಿ.

ಮಲಗುವ ಸಮಯ ಸರಿ ಮಾಡಿದರೆ ಸಾಲದಾ? ಏಳುವ ಸಮಯಕ್ಕೇ ಯಾಕೆ ಅಷ್ಟು ಒತ್ತು?

ಏಳುವುದು ನಿಮ್ಮ ಕೈಯಲ್ಲಿದೆ, ನಿದ್ದೆ ಬರುವುದು ನಿಮ್ಮ ಕೈಯಲ್ಲಿಲ್ಲ. ಹತ್ತಕ್ಕೆ ದೀಪ ಆರಿಸಬಹುದು, ನಿದ್ದೆಗೆ ಬಾ ಅಂತ ಆಜ್ಞೆ ಮಾಡಲಾಗುವುದಿಲ್ಲ. ಒಂದೇ ಹೊತ್ತಿಗೆ ಎದ್ದರೆ ಬೆಳಗಿನ ಬೆಳಕು ಒಂದೇ ಹೊತ್ತಿಗೆ ಕಣ್ಣಿಗೆ ಬೀಳುತ್ತದೆ, ಅಡೆನೊಸಿನ್ ಒಂದೇ ಹೊತ್ತಿನಿಂದ ಕೂಡುತ್ತದೆ, ರಾತ್ರಿಯ ನಿದ್ದೆ ಅದರ ಹಿಂದೆ ತಾನಾಗಿ ಬಂದು ಸೇರುತ್ತದೆ.

ಬೆಳಕು ಎಷ್ಟು ಬೇಕು? ಬಾಲ್ಕನಿ ಸಾಕಾ?

ಬಾಲ್ಕನಿ ಸಾಕು, ಟ್ಯೂಬ್‌ಲೈಟ್ ಸಾಲದು. ಮನೆಯೊಳಗಿನ ದೀಪದ ಬೆಳಕು ನೂರರಿಂದ ಮುನ್ನೂರು ಲಕ್ಸ್ ಇರಬಹುದು. ಮೋಡ ಮುಚ್ಚಿದ ಬೆಳಿಗ್ಗೆ ಕೂಡ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ಕಣ್ಣಿಗೆ ಎರಡೂ ಬೆಳಕೇ ಅನ್ನಿಸುತ್ತದೆ, ಗಡಿಯಾರಕ್ಕೆ ಹಾಗಲ್ಲ. ಎದ್ದ ಮೇಲೆ ಇಪ್ಪತ್ತರಿಂದ ಮೂವತ್ತು ನಿಮಿಷ ಹೊರಗಿರಿ. ಹಾಲು ತರಲು ನಡೆದು ಹೋಗಿ, ಟೆರೇಸ್‌ನಲ್ಲಿ ಕಾಫಿ ಕುಡಿಯಿರಿ, ಗಿಡಕ್ಕೆ ನೀರು ಹಾಕಿ. ಸೂರ್ಯನನ್ನು ನೇರವಾಗಿ ನೋಡಬೇಡಿ.

ಈ ವಿಷಯದಲ್ಲಿ ನಾವು ಅದೃಷ್ಟವಂತರು. ಬೆಂಗಳೂರಿನಲ್ಲಿ ವರ್ಷಪೂರ್ತಿ ಸೂರ್ಯೋದಯ ಐದು ಐವತ್ತರಿಂದ ಆರು ಮುಕ್ಕಾಲಿನ ನಡುವೆಯೇ ಆಗುತ್ತದೆ. ಚಳಿಗಾಲದಲ್ಲಿ ಎಂಟು ಗಂಟೆಗೂ ಕತ್ತಲೆ ಇರುವ ಯುರೋಪಿನಲ್ಲಿರುವ ಕನ್ನಡಿಗರಿಗೆ ಈ ಸೌಲಭ್ಯ ಇಲ್ಲ, ಅವರು ಮಧ್ಯಾಹ್ನವಾದರೂ ಹೊರಗೆ ಹೋಗಬೇಕು.

ಒಂದು ಎಚ್ಚರಿಕೆ. ಬೆಳಕಿನ ಕೆಲಸ ಹೊತ್ತಿನ ಮೇಲೆ ನಿಂತಿದೆ. ದೇಹದ ಉಷ್ಣತೆ ಕೆಳಮಟ್ಟ ಮುಟ್ಟಿದ ನಂತರ ಬಿದ್ದ ಬೆಳಕು ಗಡಿಯಾರವನ್ನು ಮುಂದಕ್ಕೆ ತರುತ್ತದೆ, ಅದಕ್ಕಿಂತ ಮುಂಚೆ ಬಿದ್ದರೆ ಇನ್ನೂ ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ತಿಂಗಳಾನುಗಟ್ಟಲೆ ಮೂರು ಗಂಟೆಗೆ ಮಲಗಿ ಹನ್ನೊಂದಕ್ಕೆ ಏಳುತ್ತಿದ್ದವರು ಹುಮ್ಮಸ್ಸಿನಲ್ಲಿ ಒಂದೇ ದಿನಕ್ಕೆ ಐದು ಗಂಟೆಗೆ ಎದ್ದು ವಾಕಿಂಗ್ ಹೊರಟರೆ ಉಲ್ಟಾ ಹೊಡೆಯಬಹುದು.

ಹಾಗಾದರೆ ಹೇಗೆ ಬದಲಾಯಿಸುವುದು? ನಿಮ್ಮ ತಮ್ಮ ಏನು ಮಾಡಿದ?

ವಾರಕ್ಕೆ ಸುಮಾರು ಒಂದು ಗಂಟೆಯಂತೆ ರಜಾದಿನದ ಅಲಾರಾಂ ಬೇಗ ಮಾಡುತ್ತಾ ಬಂದ. ಮೊದಲ ವೀಕೆಂಡ್ 9:30, ಮುಂದಿನದು 8:30, ಆಮೇಲೆ 7:45, ನಾಲ್ಕನೇ ವಾರಕ್ಕೆ 7. ಎದ್ದ ಕೂಡಲೇ ಟೆರೇಸ್. ವಾರದ ದಿನ ಏಳುವ ಸಮಯ ಮುಟ್ಟಲೇ ಇಲ್ಲ.

ಎರಡನೇ ವಾರ ಕೈಕೊಟ್ಟಿತು. ಶನಿವಾರ ಕ್ರಿಕೆಟ್ ಮ್ಯಾಚ್ ನೋಡಿ ಎರಡಕ್ಕೆ ಮಲಗಿ, ಎಂಟೂವರೆ ಅಲಾರಾಂ ಆರಿಸಿ ಹನ್ನೊಂದಕ್ಕೆ ಎದ್ದ. ಅಮ್ಮ "ಮಲಗಲಿ ಬಿಡೋ, ವಾರವೆಲ್ಲ ದುಡಿದಿದ್ದಾನೆ" ಅಂದರು. ಅವರ ಅಕ್ಕರೆ ಅದು, ತಪ್ಪು ಹೇಳಲಾಗುವುದಿಲ್ಲ. ಮೂರನೇ ವಾರದಿಂದ ಅಮ್ಮನಿಗೇ ಪರದೆ ಸರಿಸುವ ಕೆಲಸ ಒಪ್ಪಿಸಿದೆವು, ಮಧ್ಯಾಹ್ನ ಅರ್ಧ ಗಂಟೆ ಮಲಗಲು ಬಿಡುವ ಒಪ್ಪಂದದ ಮೇಲೆ.

ಐದನೇ ವಾರದ ಲೆಕ್ಕ ಹೀಗಿತ್ತು. ವಾರದಲ್ಲಿ 11ರಿಂದ 6, ನಡುಬಿಂದು 2:30. ರಜೆಯಲ್ಲಿ 12ರಿಂದ 7, ನಡುಬಿಂದು 3:30. ಅಂತರ ಒಂದು ಗಂಟೆ. ಗಮನಿಸಿ, ವಾರದ ನಿದ್ದೆ ಅರ್ಧ ಗಂಟೆ ಜಾಸ್ತಿ ಆಗಿದೆ. ಅದಕ್ಕೆ ಅವನು ಬೇರೆ ಪ್ರಯತ್ನ ಮಾಡಿರಲಿಲ್ಲ, ನಿದ್ದೆಯೇ ಬೇಗ ಬರಲು ಶುರುವಾಯಿತು.

ಸರಿಹೋಗುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ?

ಸೋಮವಾರದ ಅಲಾರಾಂ ನೋಡಿ. ಅದು ಹೊಡೆಯುವುದಕ್ಕೆ ಐದು ಹತ್ತು ನಿಮಿಷ ಮುಂಚೆ ತಾನಾಗಿ ಎಚ್ಚರವಾಗತೊಡಗಿದರೆ ಗಡಿಯಾರ ಜಾಗಕ್ಕೆ ಬರುತ್ತಿದೆ. ಭಾನುವಾರ ರಾತ್ರಿ ಮಲಗಿ ಇಪ್ಪತ್ತು ನಿಮಿಷದೊಳಗೆ ನಿದ್ದೆ ಹತ್ತುವುದು ಎರಡನೇ ಗುರುತು. ಮೂರನೆಯದು ಹಸಿವು, ಎದ್ದ ಒಂದು ಗಂಟೆಯೊಳಗೆ ಇಡ್ಲಿ ಬೇಕು ಅನ್ನಿಸುತ್ತದೆ. ಸಾಮಾನ್ಯವಾಗಿ ಮೂರು ನಾಲ್ಕು ವಾರ ಕೊಡಿ.

ಸೋಮವಾರ ಕಾಫಿ ಕುಡಿದು ತಳ್ಳಬಹುದಲ್ವಾ?

ಬೆಳಿಗ್ಗೆ ಕುಡಿಯಿರಿ, ಪರವಾಗಿಲ್ಲ. ಕಾಫಿ ಅಡೆನೊಸಿನ್ ಇಳಿಸುವುದಿಲ್ಲ, ಅದರ ಮಾತು ಮಿದುಳಿಗೆ ಕೇಳದ ಹಾಗೆ ತಡೆಯುತ್ತದೆ ಅಷ್ಟೇ. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಐದರ ಕಾಫಿಯ ಅರ್ಧ ಭಾಗ ರಾತ್ರಿ ಹತ್ತಕ್ಕೂ ಮೈಯಲ್ಲಿರುತ್ತದೆ. ಸೋಮವಾರದ ಸುಸ್ತಿಗೆ ಕುಡಿದ ಸಂಜೆಯ ಕಾಫಿಯೇ ಮಂಗಳವಾರದ ಸುಸ್ತಿಗೆ ಕಾರಣ ಆಗುವುದು ಹೀಗೆ. ಮಧ್ಯಾಹ್ನ ಎರಡರ ನಂತರ ಕಾಫಿ ಬೇಡ.

ನಾನು ಹುಟ್ಟಿನಿಂದಲೇ ರಾತ್ರಿ ಎಚ್ಚರ ಇರುವವನು. ನನಗೂ ಇದು ಅನ್ವಯಿಸುತ್ತದಾ?

ನಿಮಗೇ ಜಾಸ್ತಿ ಅನ್ವಯಿಸುತ್ತದೆ. ಬೇಗ ಮಲಗುವವರು, ತಡವಾಗಿ ಮಲಗುವವರು ಅನ್ನುವ ವ್ಯತ್ಯಾಸ ಸೋಮಾರಿತನವಲ್ಲ, ಅದರಲ್ಲಿ ವಂಶವಾಹಿಯ ಪಾಲೂ ಇದೆ, ವಯಸ್ಸಿನದೂ ಇದೆ. ಹದಿಹರೆಯದಲ್ಲಿ ಗಡಿಯಾರ ತಡವಾಗುತ್ತಾ ಹೋಗಿ ಇಪ್ಪತ್ತರ ಆಸುಪಾಸಿನಲ್ಲಿ ತುತ್ತತುದಿ ಮುಟ್ಟುತ್ತದೆ, ಆಮೇಲೆ ನಿಧಾನಕ್ಕೆ ಮತ್ತೆ ಬೇಗವಾಗುತ್ತಾ ಬರುತ್ತದೆ. ಏಳೂವರೆಗೆ ಕಾಲೇಜು ಬಸ್ ಹಿಡಿಯುವ ಪಿಯುಸಿ ಮಕ್ಕಳಿಗೆ ಬೈಯುವ ಮುಂಚೆ ತಂದೆತಾಯಿಗಳು ಇದನ್ನು ನೆನಪಿಡಬೇಕು ಅಂತ ನನ್ನ ಕಳಕಳಿ. ಅವರ ಆರು ಗಂಟೆ ನಮ್ಮ ನಾಲ್ಕು ಗಂಟೆಯ ಹಾಗೆ.

ಇಂಥವರು ಐದು ಗಂಟೆಗೆ ಏಳುವ ಗುರಿ ಇಟ್ಟುಕೊಳ್ಳಬಾರದು. ಆಫೀಸಿನಲ್ಲಿ ಹತ್ತು ಗಂಟೆಯ ಪಾಳಿ ಸಿಗುವಂತಿದ್ದರೆ ಕೇಳಿ ತೆಗೆದುಕೊಳ್ಳಿ. ವಾರದಲ್ಲಿ ಎಂಟಕ್ಕೆ, ರಜೆಯಲ್ಲಿ ಒಂಬತ್ತಕ್ಕೆ ಏಳುವವರಿಗೆ ಸೋಷಿಯಲ್ ಜೆಟ್‌ಲ್ಯಾಗ್ ಬಹುತೇಕ ಇಲ್ಲ. ತಡವಾಗಿ ಏಳುವುದರಿಂದ ತೊಂದರೆ ಬರುವುದಲ್ಲ, ಎರಡು ಸಮಯಗಳ ನಡುವೆ ಓಡಾಡುವುದರಿಂದ ಬರುವುದು.

ಎಲ್ಲ ಮಾಡಿದೆ, ಸುಸ್ತು ಹೋಗಲಿಲ್ಲ.

ನಾಲ್ಕೈದು ವಾರ ಏಳುವ ಸಮಯ ನಿಜವಾಗಿ ಒಂದು ಗಂಟೆಯೊಳಗೆ ಇಟ್ಟು, ಏಳೂವರೆ ಗಂಟೆ ಮಲಗಿಯೂ ಸುಸ್ತಿದ್ದರೆ ಕಾರಣ ಬೇರೆ ಇರಬಹುದು. ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ಕಟ್ಟುತ್ತದೆ ಅಂತ ಮನೆಯವರು ಹೇಳಿದ್ದರೆ, ಬೆಳಿಗ್ಗೆ ತಲೆನೋವು ಇದ್ದರೆ, ಗಾಡಿ ಓಡಿಸುವಾಗ ಕಣ್ಣು ಮುಚ್ಚುತ್ತಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡಿಸಿ. ಖಿನ್ನತೆಯಲ್ಲೂ ಬೆಳಗಿನ ಹೊತ್ತು ಹೀಗೇ ಭಾರವಾಗಿರುತ್ತದೆ. ಹೋಗುವಾಗ ಎರಡು ವಾರ ಬರೆದಿಟ್ಟ ನಿದ್ದೆಯ ಸಮಯದ ಹಾಳೆಯನ್ನು ಜೊತೆಗೆ ಕೊಂಡುಹೋಗಿ, ಡಾಕ್ಟರ್ ಮೊದಲು ಕೇಳುವುದು ಬಹುಶಃ ಅದನ್ನೇ.

ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವವರಿಗೆ ಇಲ್ಲಿನ ಸಮಯದ ಲೆಕ್ಕ ಹೊಂದುವುದಿಲ್ಲ. ಪಾಳಿ ಬದಲಾದಾಗ ಬೆಳಕು, ನಿದ್ದೆ ಎರಡನ್ನೂ ಬೇರೆ ರೀತಿ ಹೊಂದಿಸಬೇಕಾಗುತ್ತದೆ.